ಏಪ್ರಿಲ್‌ನಲ್ಲಿ ಎರಡು ಸಲ: ಮುಟ್ಟಿನ ಚಕ್ರ ಎಣಿಸುವುದು ಹೇಗೆ, ಎಷ್ಟು ದಿನ ಇದ್ದರೆ ಸರಿ?

ಚಿಕ್ಕಮ್ಮನ ಮಗಳು ಒಂದು ರಾತ್ರಿ ಫೋನ್ ಮಾಡಿದಳು. ಅವಳಿಗೆ 24 ವರ್ಷ, ಬೆಂಗಳೂರಲ್ಲಿ ಆಫೀಸ್ ಕೆಲಸ. "ಅಕ್ಕಾ, ಏಪ್ರಿಲ್ ತಿಂಗಳಲ್ಲಿ ಎರಡು ಸಲ ಡೇಟ್ ಆಯ್ತು. 21 ದಿನಕ್ಕೇ ಬಂದುಬಿಡ್ತು. ಅಮ್ಮ ಹೀಟ್ ಆಗಿದೆ, ಎಳನೀರು ಕುಡಿ ಅಂತಾಳೆ. ರೂಮ್‌ಮೇಟ್ ಪಿಸಿಒಡಿ ಇರಬೇಕು ಅಂತಾಳೆ. ಮೆಡಿಕಲ್ ಶಾಪಲ್ಲಿ ರೆಗ್ಯುಲರ್ ಮಾಡೋ ಮಾತ್ರೆ ಸಿಗುತ್ತಂತೆ, ತಗೊಳ್ಳಲಾ?"

ನಾನು ಡಾಕ್ಟರ್ ಅಲ್ಲ. ಓದಿದ್ದು ಎಂಜಿನಿಯರಿಂಗ್, ಈಗ ಮಾಡ್ತಿರೋದು ಪತ್ರಿಕೋದ್ಯಮ. ಆದರೆ ಅವಳು ಹೇಳಿದ್ದರಲ್ಲಿ ವೈದ್ಯಕೀಯಕ್ಕಿಂತ ಮೊದಲು ಒಂದು ಲೆಕ್ಕದ ಪ್ರಶ್ನೆ ಇತ್ತು. "ಮಾತ್ರೆ ಆಮೇಲೆ, ಮೊದಲು ಜನವರಿಯಿಂದ ತಾರೀಕು ಕಳಿಸು" ಅಂದೆ. ಪುಣ್ಯಕ್ಕೆ ಫೋನಿನ ಕ್ಯಾಲೆಂಡರಲ್ಲಿ ಗುರುತು ಹಾಕಿಟ್ಟಿದ್ದಳು.

ಮುಟ್ಟಿನ ಚಕ್ರ ಎಣಿಸೋದು ಸುಲಭ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಆದರೆ ಶಾಲೆಯಲ್ಲಿ ಯಾರೂ ಇದನ್ನು ಸರಿಯಾಗಿ ಹೇಳಿಕೊಡಲ್ಲ. ಎಣಿಕೆ ತಪ್ಪಿದರೆ ಆರೋಗ್ಯವಾಗಿರೋ ದೇಹಕ್ಕೂ ಕಾಯಿಲೆಯ ಹೆಸರು ಬೀಳುತ್ತೆ, ನಿಜವಾಗಿ ತೊಂದರೆ ಇರೋ ದೇಹಕ್ಕೆ "ಎಲ್ಲ ನಾರ್ಮಲ್" ಅನ್ನೋ ಮುದ್ರೆಯೂ ಬೀಳುತ್ತೆ.

ಎಲ್ಲಿಂದ ಎಲ್ಲಿಗೆ?

ನಿಯಮ ಒಂದೇ ಸಾಲಿನದು. ಸ್ರಾವ ಶುರುವಾದ ದಿನ ಚಕ್ರದ ಒಂದನೇ ದಿನ. ಮುಂದಿನ ಸ್ರಾವ ಶುರುವಾಗುವ ಹಿಂದಿನ ದಿನ ಆ ಚಕ್ರದ ಕೊನೆಯ ದಿನ. ಅಂದರೆ ಆರಂಭದಿಂದ ಆರಂಭಕ್ಕೆ ಎಣಿಸಬೇಕು. ಸ್ರಾವ ನಿಂತ ದಿನ ಈ ಲೆಕ್ಕಕ್ಕೆ ಬರೋದೇ ಇಲ್ಲ.

ತಂಗಿ ಎಡವಿದ್ದು ಇಲ್ಲೇ. ಏಪ್ರಿಲ್ 3ಕ್ಕೆ ಶುರುವಾಗಿ ಐದು ದಿನ ಸ್ರಾವ ಇತ್ತು, 7ಕ್ಕೆ ನಿಂತಿತು. ಅವಳು 8ರಿಂದ 28ರವರೆಗೆ ಎಣಿಸಿ "21 ದಿನ" ಅಂದಳು. ಏಪ್ರಿಲ್ 29ಕ್ಕೆ ಮತ್ತೆ ಶುರುವಾಯಿತು. ಸರಿಯಾಗಿ ಎಣಿಸಿದರೆ 3ರಿಂದ 28ರವರೆಗೆ, ಅಂದರೆ 26 ದಿನ. ಅವಳು ಎಣಿಸಿದ್ದು ಚಕ್ರವನ್ನಲ್ಲ, ಎರಡು ಮುಟ್ಟಿನ ನಡುವಿನ ಬಿಡುವನ್ನ. ಕಾಲೇಜು ಮುಗಿಯೋವರೆಗೂ ನಾನೂ ಹೀಗೇ ಎಣಿಸ್ತಿದ್ದೆ, ಆದ್ದರಿಂದ ಬೈಯುವ ಹಕ್ಕು ನನಗಿರಲಿಲ್ಲ.

ಇನ್ನೊಂದು ತಪ್ಪು ಇದಕ್ಕೆ ಉಲ್ಟಾ. ಕೆಲವರು ಎರಡೂ ತುದಿಯ ದಿನಗಳನ್ನು ಸೇರಿಸಿಕೊಳ್ತಾರೆ: 3ರಿಂದ 29ರವರೆಗೆ 27 ದಿನ ಅಂತ. ಬೇಲಿಗೆ ಕಂಬ ನೆಡುವಾಗ ಆಗುವ ಎಡವಟ್ಟೇ ಇದು. ಏಳು ಕಂಬ ನೆಟ್ಟರೆ ನಡುವೆ ಇರೋದು ಆರೇ ಸಂದು. ಮುಟ್ಟು ಶುರುವಾದ ತಾರೀಕುಗಳು ಕಂಬಗಳು, ಚಕ್ರಗಳು ಸಂದುಗಳು. ಹೊಸ ಚಕ್ರದ ಒಂದನೇ ದಿನವನ್ನು ಹಳೆಯದರ ಖಾತೆಗೆ ಹಾಕಬಾರದು. ಒಂದು ತಾರೀಕಿನಿಂದ ಇನ್ನೊಂದನ್ನು ಕಳೆದರೆ ಸಾಕು, ಉತ್ತರ ತಾನಾಗಿ ಸರಿ ಬರುತ್ತೆ.

ಹಾಗಾದರೆ ಒಂದನೇ ದಿನ ಯಾವುದು? ಪ್ಯಾಡ್ ಅಥವಾ ಬಟ್ಟೆ ಬೇಕಾಗುವಷ್ಟು ಸ್ರಾವ ಶುರುವಾದ ದಿನ. ಅದಕ್ಕೆ ಮುಂಚೆ ಒಂದೆರಡು ದಿನ ಕಂದು ಬಣ್ಣದ ಕಲೆಯಷ್ಟೇ ಕಾಣಿಸಿದ್ದರೆ ಅದನ್ನು ಬೇರೆಯಾಗಿ ಬರೆದಿಡಿ, ಎಣಿಕೆಗೆ ಸೇರಿಸಬೇಡಿ. ಕಲೆಯನ್ನು ಒಂದು ತಿಂಗಳು ಸೇರಿಸಿ ಇನ್ನೊಂದು ತಿಂಗಳು ಬಿಟ್ಟರೆ, ಇಲ್ಲದ ಏರುಪೇರು ಲೆಕ್ಕದಲ್ಲಿ ಹುಟ್ಟಿಕೊಳ್ಳುತ್ತೆ.

28 ಅನ್ನೋ ಸಂಖ್ಯೆ

"28 ದಿನಕ್ಕೆ ಆಗಬೇಕು" ಅನ್ನೋದು ಪಠ್ಯಪುಸ್ತಕದಿಂದ ಹಿಡಿದು ಪ್ಯಾಡ್ ಜಾಹೀರಾತಿನವರೆಗೆ ಎಲ್ಲ ಕಡೆ ಇದೆ. ಗರ್ಭನಿರೋಧಕ ಮಾತ್ರೆಯ ಸ್ಟ್ರಿಪ್ ಕೂಡ ಸಾಮಾನ್ಯವಾಗಿ 28 ದಿನದ ಲೆಕ್ಕಕ್ಕೇ ಇರುತ್ತೆ: 21 ದಿನ ಹಾರ್ಮೋನ್, 7 ದಿನ ಬಿಡುವು. ಆ ಬಿಡುವಿನಲ್ಲಿ ಬರೋ ಸ್ರಾವ ಹಾರ್ಮೋನ್ ನಿಲ್ಲಿಸಿದ್ದಕ್ಕೆ ಬರೋದು, ದೇಹದ ಸ್ವಂತ ಚಕ್ರವಲ್ಲ. ಆದ್ದರಿಂದ ಮಾತ್ರೆ ನುಂಗುತ್ತಿರುವಾಗ ಬಂದ ತಾರೀಕುಗಳಿಂದ ನಿಮ್ಮ ಚಕ್ರ ಎಷ್ಟು ದಿನದ್ದು ಅಂತ ಹೇಳಲಾಗದು.

2019ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಆ್ಯಪ್ ಬಳಸುವ ಮಹಿಳೆಯರು ದಾಖಲಿಸಿದ ಆರು ಲಕ್ಷಕ್ಕೂ ಹೆಚ್ಚು ಚಕ್ರಗಳನ್ನು ಪರಿಶೀಲಿಸಿತು. ಸರಾಸರಿ ಬಂದದ್ದು 29.3 ದಿನ. ಸರಿಯಾಗಿ 28 ದಿನ ಇದ್ದದ್ದು ಸುಮಾರು 13 ಪರ್ಸೆಂಟ್ ಮಾತ್ರ. ಆ್ಯಪ್ ಬಳಸೋರು ಇಡೀ ಜಗತ್ತಿನ ಪ್ರತಿನಿಧಿಗಳಲ್ಲ, ನಿಜ. ಆದರೂ 28 ಅನ್ನೋದು ಗುಂಪಿನ ನಡುವೆ ಎಲ್ಲೋ ಇರೋ ಒಂದು ಸಂಖ್ಯೆ, ಎಲ್ಲರೂ ಮುಟ್ಟಬೇಕಾದ ಗುರಿಯಲ್ಲ ಅನ್ನೋದಕ್ಕೆ ಅಷ್ಟು ಸಾಕು.

ಹಾಗಾದರೆ ಎಷ್ಟು ದಿನ ಇದ್ದರೆ ಸರಿ? ಸ್ತ್ರೀರೋಗ ಮತ್ತು ಪ್ರಸೂತಿ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ (ಫಿಗೊ) 2018ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆಯ ಪ್ರಕಾರ ವಯಸ್ಕರಲ್ಲಿ 24ರಿಂದ 38 ದಿನ. ಸ್ರಾವ ಎಂಟು ದಿನಕ್ಕಿಂತ ಹೆಚ್ಚು ಇರಬಾರದು. ಹಳೆಯ ಪುಸ್ತಕಗಳಲ್ಲಿ, ಈಗಲೂ ಎಷ್ಟೋ ಡಾಕ್ಟರುಗಳ ಬಾಯಲ್ಲಿ, 21ರಿಂದ 35 ಅಂತ ಕೇಳ್ತೀರಿ. ಎರಡು ಕಡೆ ಎರಡು ಸಂಖ್ಯೆ ಕಂಡರೆ ಗಾಬರಿ ಬೇಡ. ಈ ಗೆರೆಗಳನ್ನು ಪ್ರಕೃತಿ ಎಳೆದಿದ್ದಲ್ಲ. ಸಾವಿರಾರು ಮಹಿಳೆಯರ ತಾರೀಕುಗಳನ್ನು ಸಾಲಾಗಿ ಜೋಡಿಸಿ, ತೀರಾ ಗಿಡ್ಡವಾದ 5 ಪರ್ಸೆಂಟ್ ಮತ್ತು ತೀರಾ ಉದ್ದವಾದ 5 ಪರ್ಸೆಂಟ್ ಬಿಟ್ಟು, ನಡುವಿನದ್ದನ್ನು "ಸಾಮಾನ್ಯ" ಅಂತ ಕರೆದಿದ್ದಾರೆ. ಹಾಗಾಗಿ ಒಂದು ಸಲ 39 ದಿನ ಆಯಿತು ಅಂದರೆ ಅದು ರೋಗದ ಸರ್ಟಿಫಿಕೇಟ್ ಅಲ್ಲ. ಮತ್ತೆ ಮತ್ತೆ ಗೆರೆಯ ಆಚೆ ಹೋಗ್ತಿದ್ದರೆ ಮಾತ್ರ ಕಾರಣ ಹುಡುಕಬೇಕು.

ಹೊಸದಾಗಿ ಮೈನೆರೆದ ಹುಡುಗಿಯರಿಗೆ ಈ ಅಳತೆ ಹಚ್ಚಬಾರದು. ಮೊದಲ ಕೆಲವು ವರ್ಷ ಮೆದುಳು ಮತ್ತು ಅಂಡಾಶಯದ ನಡುವಿನ ಹಾರ್ಮೋನ್ ಸಂವಹನ ಇನ್ನೂ ಪಳಗ್ತಾ ಇರುತ್ತೆ, ಎಷ್ಟೋ ಚಕ್ರಗಳಲ್ಲಿ ಅಂಡ ಬಿಡುಗಡೆಯೇ ಆಗಿರಲ್ಲ. ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಸಂಸ್ಥೆ ಈ ವಯಸ್ಸಿಗೆ 21ರಿಂದ 45 ದಿನದವರೆಗೆ ಸಹಜ ಅನ್ನುತ್ತೆ. ಆದರೆ ಆ ವಯಸ್ಸಲ್ಲೂ ಒಮ್ಮೆಯಾದರೂ 90 ದಿನ ದಾಟಿದರೆ ತೋರಿಸಲೇಬೇಕು. "ಚಿಕ್ಕವಳು, ಸರಿಹೋಗುತ್ತೆ" ಅನ್ನೋ ಸಮಾಧಾನಕ್ಕೆ ಅಲ್ಲಿಗೆ ಅವಧಿ ಮುಗೀತು.

ಸರಾಸರಿ ಹೇಳೋ ಸುಳ್ಳು

ಉದ್ದ ಎಷ್ಟು ಅನ್ನೋದು ಅರ್ಧ ಉತ್ತರ. ಇನ್ನರ್ಧ, ಅದು ಎಷ್ಟು ಅಲ್ಲಾಡುತ್ತೆ ಅನ್ನೋದು. ತಂಗಿಯ ತಾರೀಕುಗಳನ್ನೇ ನೋಡಿ. ಜನವರಿ 6, ಫೆಬ್ರವರಿ 4, ಮಾರ್ಚ್ 3, ಏಪ್ರಿಲ್ 3, ಏಪ್ರಿಲ್ 29, ಮೇ 30, ಜೂನ್ 28. ಏಳು ತಾರೀಕು, ಆರು ಚಕ್ರ. ಕಳೆಯುತ್ತಾ ಹೋದರೆ (ಫೆಬ್ರವರಿಗೆ 28 ದಿನ) 29, 27, 31, 26, 31, 29.

ಸ್ಪ್ರೆಡ್‌ಶೀಟ್ ಬಳಸೋರು A2ರಿಂದ A8ರವರೆಗೆ ತಾರೀಕು ತುಂಬಿ, B3ಯಲ್ಲಿ ಮೊದಲ ಸೂತ್ರ ಬರೆದು B8ರವರೆಗೆ ಎಳೆದರೆ ಸಾಕು. ಎರಡನೆಯ ಸೂತ್ರ ಅತಿ ಉದ್ದದ ಚಕ್ರಕ್ಕೂ ಅತಿ ಗಿಡ್ಡ ಚಕ್ರಕ್ಕೂ ಇರೋ ವ್ಯತ್ಯಾಸ ಕೊಡುತ್ತೆ.

```
B3: =A3-A2
C2: =MAX(B3:B8)-MIN(B3:B8)
```

ಅತಿ ಗಿಡ್ಡದ್ದು 26, ಅತಿ ಉದ್ದದ್ದು 31, ವ್ಯತ್ಯಾಸ 5 ದಿನ. ಫಿಗೊ ಪ್ರಕಾರ 26ರಿಂದ 41 ವಯಸ್ಸಿನವರಲ್ಲಿ ಈ ವ್ಯತ್ಯಾಸ 7 ದಿನದವರೆಗೆ ಇದ್ದರೆ ಚಕ್ರ ಕ್ರಮಬದ್ಧ. 18ರಿಂದ 25 ಮತ್ತು 42ರಿಂದ 45ರ ವಯಸ್ಸಿನಲ್ಲಿ 9 ದಿನದವರೆಗೆ ಸರಿ. ತಂಗಿಗೆ 24, ಅವಳ ವ್ಯತ್ಯಾಸ 5. ಅಂದರೆ ಯಾವ ಮಾತ್ರೆಯಿಂದ "ರೆಗ್ಯುಲರ್ ಮಾಡಿಕೊಳ್ಳೋಕೆ" ಹೊರಟಿದ್ದಳೋ, ಅವಳು ಆಗಲೇ ರೆಗ್ಯುಲರ್ ಆಗಿದ್ದಳು.

ಏಪ್ರಿಲ್‌ನಲ್ಲಿ ಎರಡು ಸಲ ಆಗಿದ್ದಕ್ಕೆ ಕಾರಣ ಅವಳ ದೇಹವಲ್ಲ, ಕ್ಯಾಲೆಂಡರ್. 3ನೇ ತಾರೀಕು ಶುರುವಾದರೆ 26 ದಿನದ ಚಕ್ರ ಅದೇ ತಿಂಗಳ 29ಕ್ಕೇ ಬಂದು ನಿಲ್ಲುತ್ತೆ. ಪ್ರತಿ ತಿಂಗಳೂ ಒಂದೇ ತಾರೀಕಿಗೆ ಆಗಬೇಕು ಅಂತ ನಿರೀಕ್ಷಿಸೋದೂ ಇದೇ ತಪ್ಪು. ತಿಂಗಳು ಕೆಲವೊಮ್ಮೆ 30, ಕೆಲವೊಮ್ಮೆ 31, ಒಮ್ಮೆ 28. ಚಕ್ರಕ್ಕೆ ಅದ್ಯಾವುದೂ ಗೊತ್ತಿಲ್ಲ.

ಈಗ ಇನ್ನೊಂದು ಸಾಲು ನೋಡಿ, ಇದು ನಾನು ಉದಾಹರಣೆಗೆ ಕಟ್ಟಿದ್ದು: 21, 40, 23, 38, 25, 33. ಒಟ್ಟು 180, ಆರರಿಂದ ಭಾಗಿಸಿದರೆ ಸರಾಸರಿ ಸರಿಯಾಗಿ 30. ಆ್ಯಪ್ ತೆರೆದರೆ "ನಿಮ್ಮ ಚಕ್ರ 30 ದಿನ" ಅಂತ ಚೆಂದವಾಗಿ ತೋರಿಸಬಹುದು. ಆದರೆ ವ್ಯತ್ಯಾಸ 19 ದಿನ. ಡಾಕ್ಟರ್ ಹತ್ತಿರ ಹೋಗಬೇಕಾದ್ದು ಇಂಥ ಸಾಲು ಹಿಡಿದುಕೊಂಡು. ಆದ್ದರಿಂದ ಯಾರಾದರೂ ಸೈಕಲ್ ಎಷ್ಟು ಅಂತ ಕೇಳಿದರೆ ಒಂದು ಸಂಖ್ಯೆ ಹೇಳಬೇಡಿ, "26ರಿಂದ 31" ಅಂತ ಎರಡು ಹೇಳಿ.

ಮುಂದೆ ಹಿಂದೆ ಆಗೋದು ಯಾಕೆ?

ಚಕ್ರಕ್ಕೆ ಎರಡು ಭಾಗ. ಮೊದಲನೆಯದು ಮುಟ್ಟಿನ ಮೊದಲ ದಿನದಿಂದ ಅಂಡ ಬಿಡುಗಡೆಯಾಗೋವರೆಗೆ. ಎರಡನೆಯದು ಅಲ್ಲಿಂದ ಮುಂದಿನ ಮುಟ್ಟಿನವರೆಗೆ. ಅಂಡ ಹೊರಬಂದ ಮೇಲೆ ಅದು ಇದ್ದ ಕೋಶ ಪ್ರೊಜೆಸ್ಟೆರಾನ್ ಅನ್ನೋ ಹಾರ್ಮೋನ್ ಸುರಿಸಿ ಗರ್ಭಕೋಶದ ಒಳಪದರವನ್ನು ಹಿಡಿದಿಡುತ್ತೆ. ಗರ್ಭ ನಿಲ್ಲದಿದ್ದರೆ ಸುಮಾರು ಎರಡು ವಾರಕ್ಕೆ ಆ ಕೋಶ ಸೊರಗುತ್ತೆ, ಹಾರ್ಮೋನ್ ಇಳಿಯುತ್ತೆ, ಪದರ ಕಳಚುತ್ತೆ. ಅದೇ ಮುಟ್ಟು. ಈ ಎರಡನೆಯ ಭಾಗ ಹೆಚ್ಚು ಅಲ್ಲಾಡಲ್ಲ. ಅಲ್ಲಾಡೋದು ಬಹುಪಾಲು ಮೊದಲನೆಯದು, ಅಂಡ ಪಕ್ವವಾಗೋಕೆ ಹಿಡಿಯೋ ಕಾಲ.

ಹಾಗಾಗಿ ಜ್ವರ, ದಿಢೀರ್ ತೂಕ ಇಳಿಕೆ, ಪರೀಕ್ಷೆ, ನೈಟ್ ಶಿಫ್ಟ್, ಮನೆಯಲ್ಲಿ ಸಾವು, ಇಂಥದ್ದೆಲ್ಲ ಮುಟ್ಟನ್ನು ನೇರವಾಗಿ ಮುಂದೂಡಲ್ಲ. ಅಂಡ ಬಿಡುಗಡೆಯನ್ನು ತಡ ಮಾಡ್ತವೆ, ಮುಟ್ಟು ಅದರ ಹಿಂದೆ ತಡವಾಗಿ ಬರುತ್ತೆ. ಎಮರ್ಜೆನ್ಸಿ ಗರ್ಭನಿರೋಧಕ ಮಾತ್ರೆ ನುಂಗಿದ ತಿಂಗಳಲ್ಲೂ ತಾರೀಕು ಕೆಲವು ದಿನ ಹಿಂದೆ ಮುಂದೆ ಹೋಗಬಹುದು. ಆ ಚಕ್ರದ ಪಕ್ಕದಲ್ಲಿ ಒಂದು ಗುರುತು ಹಾಕಿ, ಅದೊಂದರಿಂದ ತೀರ್ಮಾನಕ್ಕೆ ಬರಬೇಡಿ.

ಇದರಿಂದ ಇನ್ನೊಂದು ವಿಷಯ ಗೊತ್ತಾಗುತ್ತೆ. "14ನೇ ದಿನ ಅಂಡ ಬಿಡುಗಡೆ" ಅನ್ನೋದು 28 ದಿನದ ಚಕ್ರಕ್ಕೆ ಮಾತ್ರ ಸುಮಾರಾಗಿ ಹೊಂದೋ ಮಾತು. ಹಿಂದಿನಿಂದ ಎಣಿಸಿದರೆ 24 ದಿನದ ಚಕ್ರದಲ್ಲಿ ಅದು 10ನೇ ದಿನದ ಹತ್ತಿರ, 38 ದಿನದ್ದರಲ್ಲಿ 24ನೇ ದಿನದ ಹತ್ತಿರ. ಅದೂ ಚಕ್ರ ಮುಗಿದ ಮೇಲೆ ಹಿಂದಿರುಗಿ ನೋಡಿದಾಗ ಸಿಗೋ ಅಂದಾಜು. "ಸೇಫ್ ದಿನ" ಅಂತ ಕ್ಯಾಲೆಂಡರ್ ನಂಬಿ ಕೂರೋರು ಎಡವೋದು ಇಲ್ಲೇ.

ಯಾವಾಗ ತೋರಿಸಬೇಕು?

ಮುಟ್ಟು ನಿಂತಿದ್ದು, ಗರ್ಭಧಾರಣೆಯ ಸಾಧ್ಯತೆ ಇದ್ದರೆ ಮೊದಲು ಅದರ ಟೆಸ್ಟ್. ಅದು ಇಲ್ಲ ಅಂತಾದ ಮೇಲೂ 90 ದಿನ ಮುಟ್ಟಾಗದಿದ್ದರೆ, ಚಕ್ರ ಪದೇ ಪದೇ 24ಕ್ಕಿಂತ ಕಡಿಮೆ ಅಥವಾ 38ಕ್ಕಿಂತ ಹೆಚ್ಚು ಬರ್ತಿದ್ದರೆ, ವ್ಯತ್ಯಾಸ ಮೇಲಿನ ಮಿತಿ ದಾಟ್ತಿದ್ದರೆ ಸ್ತ್ರೀರೋಗ ತಜ್ಞರನ್ನು ನೋಡಿ. ಅವರು ಸಾಮಾನ್ಯವಾಗಿ ಥೈರಾಯ್ಡ್, ಪ್ರೊಲ್ಯಾಕ್ಟಿನ್ ಅನ್ನೋ ಹಾರ್ಮೋನ್, ಪಿಸಿಒಎಸ್ ಇವುಗಳ ಕಡೆ ಗಮನ ಕೊಡ್ತಾರೆ. ಪಿಸಿಒಎಸ್ ಅನ್ನೋದನ್ನು ಒಂದು ತಿಂಗಳ ಏರುಪೇರಿನಿಂದ ಯಾರೂ ಹೇಳಲಾಗದು, ರೂಮ್‌ಮೇಟ್ ಅಂತೂ ಅಲ್ಲವೇ ಅಲ್ಲ.

ಇನ್ನೊಂದು ಮಾತು, ಇದು ಲೆಕ್ಕದ ಮಿತಿ. ದಿನ ಎಣಿಸೋದರಿಂದ ಎಲ್ಲ ಗೊತ್ತಾಗಲ್ಲ. ಸರಿಯಾಗಿ 28 ದಿನಕ್ಕೇ ಆಗ್ತಾ, ಆದರೆ ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ಸ್ರಾವ ಇದ್ದರೆ, ಹಾಸಿಗೆಯಿಂದ ಏಳಲಾಗದ ನೋವಿದ್ದರೆ, ಎರಡು ಮುಟ್ಟಿನ ನಡುವೆ ರಕ್ತ ಕಾಣಿಸಿದರೆ, ಆ 28ಕ್ಕೆ ಅರ್ಥವಿಲ್ಲ. ಫೈಬ್ರಾಯ್ಡ್, ಎಂಡೊಮೆಟ್ರಿಯೋಸಿಸ್, ರಕ್ತಹೀನತೆ, ಇವೆಲ್ಲ ಪಕ್ಕಾ ಕ್ರಮಬದ್ಧವಾದ ಕ್ಯಾಲೆಂಡರ್ ಹಿಂದೆಯೂ ಅಡಗಿ ಕೂರಬಲ್ಲವು.

12 ರಜೆ ಮತ್ತು 13 ಮುಟ್ಟು

ಈ ಲೆಕ್ಕ ಈಗ ಮನೆಯೊಳಗಿನ ವಿಷಯವಾಗಿ ಉಳಿದಿಲ್ಲ. 2025ರ ಅಕ್ಟೋಬರ್ 9ರಂದು ಕರ್ನಾಟಕದ ಸಚಿವ ಸಂಪುಟ ಋತುಚಕ್ರ ರಜೆ ನೀತಿಗೆ ಒಪ್ಪಿಗೆ ಕೊಟ್ಟಿತು. ಸರ್ಕಾರಿ, ಖಾಸಗಿ ಎರಡೂ ವಲಯದ ಮಹಿಳಾ ಉದ್ಯೋಗಿಗಳಿಗೆ ತಿಂಗಳಿಗೆ ಒಂದರಂತೆ ವರ್ಷಕ್ಕೆ 12 ವೇತನಸಹಿತ ರಜೆ. ಈ ಹೆಜ್ಜೆಯನ್ನು ನಾನು ಸ್ವಾಗತಿಸ್ತೇನೆ. ಆದರೆ ರಜೆಯನ್ನು ಅಳೆದಿರೋದು ತಿಂಗಳಿನಿಂದ, ಚಕ್ರದಿಂದ ಅಲ್ಲ.

365 ದಿನವನ್ನು 12ರಿಂದ ಭಾಗಿಸಿದರೆ 30.4. ಚಕ್ರ ಇದಕ್ಕಿಂತ ಗಿಡ್ಡ ಇರೋ ಯಾರಿಗೇ ಆದರೂ ವರ್ಷಕ್ಕೆ ಸರಾಸರಿ 12ಕ್ಕಿಂತ ಹೆಚ್ಚು ಮುಟ್ಟು. 28 ದಿನದವರಿಗೆ 13, 24 ದಿನದವರಿಗೆ 15. ಅವರೂ ಪೂರ್ತಿ ಆರೋಗ್ಯವಂತರೇ. ತಂಗಿಯ ತಾರೀಕುಗಳಿಗೆ ಈ ನಿಯಮ ಹಚ್ಚಿ ನೋಡಿ: ಆರು ತಿಂಗಳಲ್ಲಿ ಏಳು ಸಲ ಮುಟ್ಟು, ಆರು ರಜೆ. ಏಪ್ರಿಲ್ 29ಕ್ಕೆ ಹೊಟ್ಟೆ ಹಿಡಿದುಕೊಂಡು ರಜೆ ಕೇಳಿದರೆ "ಈ ತಿಂಗಳದ್ದು ಆಗೋಯ್ತಲ್ಲಮ್ಮ" ಅಂತ ಮ್ಯಾನೇಜರ್ ಹೇಳಬಹುದು, ನಿಯಮದ ಪ್ರಕಾರ ಅವನ ಮಾತು ತಪ್ಪೂ ಅಲ್ಲ. ಅದಕ್ಕಿಂತ ನನಗೆ ಚಿಂತೆ, ಆ ಪ್ರಶ್ನೆಯ ಹಿಂದಿನ ಅನುಮಾನ: ಒಂದೇ ತಿಂಗಳಲ್ಲಿ ಎರಡು ಸಲ ಹೇಗಾಗುತ್ತೆ, ಸುಳ್ಳು ಹೇಳ್ತಿದ್ದಾಳಾ ಅನ್ನೋದು. ಹೇಗಾಗುತ್ತೆ ಅಂತ ಮೇಲೆ ಎಣಿಸಿ ತೋರಿಸಿದ್ದೇನೆ. ನಿಮ್ಮ ಆಫೀಸಿನಲ್ಲಿ ಈ ರಜೆಯ ನಿಯಮ ಬರೆಯೋ ಸಮಿತಿಯಲ್ಲಿ ನೀವಿದ್ದರೆ, "ತಿಂಗಳಿಗೆ ಒಂದು" ಅನ್ನೋ ಸಾಲಿನ ಮುಂದೆ ಈ ಪ್ರಶ್ನೆ ಎತ್ತಿ.

ತಂಗಿ ಮಾತ್ರೆ ತಗೊಳ್ಳಲಿಲ್ಲ. ಕ್ಯಾಲೆಂಡರಲ್ಲಿ ಈಗ ಶುರುವಾದ ದಿನ ಒಂದು ಬಣ್ಣ, ನಿಂತ ದಿನ ಇನ್ನೊಂದು ಬಣ್ಣ ಹಾಕ್ತಾಳಂತೆ. ಎಳನೀರು ಮಾತ್ರ ಚಿಕ್ಕಮ್ಮ ಬಿಡಿಸಿಲ್ಲ. ಅದು ಚಕ್ರಕ್ಕೇನೂ ಮಾಡಲ್ಲ, ಆದರೆ ಬೇಸಿಗೆಗೆ ಒಳ್ಳೇದು, ಕುಡಿ ಅಂದೆ.